ಎಂಟು ಚಿತ್ರ, ಒಂದು ಲೋಟ ಕಾಫಿ

ಕ್ಲೈಂಟ್ ಕಳಿಸುವ ಮೂಡ್‌ಬೋರ್ಡ್ ಅಂದರೆ ಪಿನ್‌ಟರೆಸ್ಟ್‌ನಿಂದ ಎತ್ತಿದ, ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟಿ ಅರ್ಧ ಮಸುಕಾದ, ಒಂದಕ್ಕೊಂದು ನಂಟೇ ಇಲ್ಲವೇನೋ ಅನ್ನಿಸುವ ಒಂದಷ್ಟು ಚಿತ್ರಗಳ ಕಂತೆ. ಜೊತೆಗೆ ಒಂದು ಸಾಲು: "ಸರ್, ಈ ಫೀಲ್ ಬರಬೇಕು." ಮೊದಲೆಲ್ಲ ಈ ಕಂತೆಯನ್ನು ಫೋಟೋಗ್ರಾಫರ್ ಮುಂದಿಟ್ಟರೆ ಆತ ಕಣ್ಣಲ್ಲೇ ಅಳೆದು, ಲೈಟ್ ಎಲ್ಲಿಡಬೇಕು, ಕ್ಯಾಮೆರಾ ಎಷ್ಟು ಎತ್ತರ ಎಂದು ತಾನೇ ತೀರ್ಮಾನಿಸುತ್ತಿದ್ದ. ಈಗ ಎಷ್ಟೋ ಜಾಹೀರಾತು ಚಿತ್ರಗಳ ಮೊದಲ ಕರಡು ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್‌ನಂಥ ಎಐ ಸಾಧನಗಳಲ್ಲಿ ತಯಾರಾಗುತ್ತದೆ. ಅಲ್ಲಿ ಆ ತೀರ್ಮಾನಗಳನ್ನೆಲ್ಲ ಬರೆದೇ ಹೇಳಬೇಕು. ಆ ಬರಹಕ್ಕೆ ಪ್ರಾಂಪ್ಟ್ ಎನ್ನುತ್ತಾರೆ.

ರೆಫರೆನ್ಸ್ ಚಿತ್ರವನ್ನೇ ನೇರವಾಗಿ ಸಾಧನಕ್ಕೆ ಕೊಟ್ಟು "ಇದರ ಥರ ಮಾಡು" ಎನ್ನುವ ಸೌಲಭ್ಯವೂ ಇದೆ. ಆದರೆ ಅದು ಚಿತ್ರದಲ್ಲಿರುವುದನ್ನೆಲ್ಲ ಒಟ್ಟಿಗೆ ಎತ್ತಿಕೊಳ್ಳುತ್ತದೆ. ಕ್ಲೈಂಟ್ ಮೆಚ್ಚಿದ್ದು ಬೆಳಕನ್ನೋ, ಮೂಲೆಯಲ್ಲಿ ಬಿದ್ದಿರುವ ಹಸಿರು ಟವೆಲನ್ನೋ, ಅದಕ್ಕೆ ಗೊತ್ತಾಗುವುದಿಲ್ಲ. ಎಂಟು ಚಿತ್ರ ಒಟ್ಟಿಗೆ ಕೊಟ್ಟರಂತೂ ಎಂಟನ್ನೂ ಕಲಸಿ, ಯಾರಿಗೂ ಬೇಡದ ಒಂಬತ್ತನೆಯದನ್ನು ಕೊಡುತ್ತದೆ.

ಒಂದು ಕೆಲಸವನ್ನೇ ಹಿಡಿದು ನೋಡೋಣ. ಚಿಕ್ಕಮಗಳೂರಿನ ಕಡೆಯ ಒಂದು ಕಾಫಿಪುಡಿ ಅಂಗಡಿ. ಅಪ್ಪನ ವ್ಯಾಪಾರವನ್ನು ಮಗಳು ನೋಡಿಕೊಳ್ಳುತ್ತಿದ್ದಾರೆ. ಹೊಸ ಪ್ಯಾಕೆಟ್‌ನ ಮುಖಕ್ಕೆ ಒಂದು ಚಿತ್ರ ಬೇಕು. ಅವರು ಕಳಿಸಿದ್ದು ಎಂಟು ಚಿತ್ರ: ಮಳೆಗಾಲದ ತೊಟ್ಟಿಮನೆ, ಕೆಂಪು ಕಾವಿ ನೆಲ, 'ಕಾಗಜ್ ಕೆ ಫೂಲ್' ಸಿನಿಮಾದ ಕಪ್ಪು-ಬಿಳುಪು ದೃಶ್ಯ, ಹಿತ್ತಾಳೆಯ ಲೋಟ-ದವರ, ಹೂ ಬಿಟ್ಟ ಕಾಫಿ ತೋಟ, ಯಾವುದೋ ವಿದೇಶಿ ಕಾಫಿಯ ಜಾಹೀರಾತು, ಮಡಿಸಿಟ್ಟ ಇಳಕಲ್ ಸೀರೆ, ಮಳೆಯ ಬೀದಿಯ ಒಂದು ಜಲವರ್ಣ.

ಪ್ರಾಂಪ್ಟ್ ಬರೆಯುವ ಮೊದಲು ಪ್ರತಿ ಚಿತ್ರಕ್ಕೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: "ಮೇಡಂ, ಇದರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಬಹುದು ಅಂದ್ರೆ ಯಾವುದು?" ಉತ್ತರಗಳು ನಾವು ಊಹಿಸಿದಂತೆ ಇರುವುದು ಕಡಿಮೆ. ವಿದೇಶಿ ಜಾಹೀರಾತಿನ ಬಗ್ಗೆ, "ಮೇಲೆ ಖಾಲಿ ಬಿಟ್ಟಿದಾರಲ್ಲ ಸರ್, ಅಲ್ಲಿ ಹೆಸರು ಎಷ್ಟು ಚೆನ್ನಾಗಿ ಕೂತಿದೆ ನೋಡಿ" ಎಂದರು. ಅದರ ಬಣ್ಣವಾಗಲಿ ಕಪ್ಪಾಗಲಿ ಅವರಿಗೆ ಬೇಕಿರಲಿಲ್ಲ. ಇಳಕಲ್ ಸೀರೆಯಲ್ಲಿ ಬೇಕಿದ್ದದ್ದು ಒಡಲಿನ ದಾಳಿಂಬೆ ಕೆಂಪು. ಅದು ಕಾವಿ ನೆಲದ ಬಣ್ಣಕ್ಕೆ ಹತ್ತಿರ, ಹಾಗಾಗಿ ಎರಡೂ ಸೇರಿ ಒಂದೇ ಬೇಡಿಕೆ. ಜಲವರ್ಣದಲ್ಲಿ ಬೇಕಿದ್ದದ್ದು ಮಳೆಯಷ್ಟೇ. ಹೂ ಬಿಟ್ಟ ತೋಟದ ಬಗ್ಗೆ ಕೇಳಿದರೆ, "ಅದು ನಮ್ಮದೇ ತೋಟ ಸರ್, ಅದಕ್ಕೆ ಹಾಕ್ದೆ." ಅಂದರೆ ಅದು ಬೋರ್ಡಿನಿಂದ ಹೊರಗೆ. ಕೇಳದೇ ಇದ್ದಿದ್ದರೆ ಬಿಳಿ ಹೂವು ಹೇಗಾದರೂ ಪ್ರಾಂಪ್ಟಿಗೆ ನುಸುಳಿರುತ್ತಿತ್ತು.

ಈ ಮಾತುಕತೆ ಮುಗಿಯುವ ಹೊತ್ತಿಗೆ ಚಿತ್ರಗಳು ಮೂರು ಗುಂಪಾಗಿರುತ್ತವೆ: ಬಣ್ಣಕ್ಕಾಗಿ ಬಂದವು, ಬೆಳಕಿಗಾಗಿ ಬಂದವು, ಜೋಡಣೆಗಾಗಿ ಬಂದವು. ಒಂದೇ ಚಿತ್ರವನ್ನು ಎರಡು ಗುಂಪಿಗೆ ಹಾಕಲು ನಾನು ಬಿಡುವುದಿಲ್ಲ. ಕಪ್ಪು-ಬಿಳುಪು ದೃಶ್ಯದಿಂದ ಬಣ್ಣ ತೆಗೆಯಲು ಹೇಗೂ ಆಗದು, ಸೀರೆಯಿಂದ ಬೆಳಕು ತೆಗೆಯಬೇಕಾಗಿಲ್ಲ.

ಈಗ ಮಾತಿಗೆ ಬರೋಣ. ಅನುಭವವಿಲ್ಲದವರು ಮೊದಲು ಬರೆಯುವುದು ಭಾವದ ಮಾತುಗಳನ್ನು: `cozy`, `nostalgic`, `warm`. ಇವು ಏಕೆ ಕೈಕೊಡುತ್ತವೆ ಎಂಬುದಕ್ಕೆ ಕಾರಣ ಈ ಸಾಧನಗಳು ಕಲಿತ ಬಗೆಯಲ್ಲಿದೆ. ಓಪನ್‌ಎಐ 2021ರಲ್ಲಿ ಪ್ರಕಟಿಸಿದ ಕ್ಲಿಪ್ ಎಂಬ ಮಾದರಿ ಅಂತರ್ಜಾಲದಿಂದ ಸಂಗ್ರಹಿಸಿದ 40 ಕೋಟಿ ಚಿತ್ರ ಮತ್ತು ಅವುಗಳ ಪಕ್ಕದ ಬರಹವನ್ನು ಜೋಡಿ ಜೋಡಿಯಾಗಿ ನೋಡಿ ಕಲಿತದ್ದು. ಸ್ಟೇಬಲ್ ಡಿಫ್ಯೂಷನ್‌ನ ಮೊದಲ ಆವೃತ್ತಿಗಳು ನಮ್ಮ ಪ್ರಾಂಪ್ಟನ್ನು ಓದುತ್ತಿದ್ದುದು ಕ್ಲಿಪ್‌ನ ಕಣ್ಣಿನಿಂದಲೇ. ಹಾಗಾಗಿ ಒಂದು ಪದ ಬರೆದಾಗ ಬರುವುದು, ಅಂತರ್ಜಾಲದಲ್ಲಿ ಜನ ಯಾವ ಚಿತ್ರದ ಕೆಳಗೆ ಆ ಪದ ಬರೆದಿದ್ದರೋ ಅವುಗಳ ಸರಾಸರಿ. `cozy` ಎಂದರೆ ಉಣ್ಣೆಯ ಹೊದಿಕೆ, ಮೇಣದಬತ್ತಿ, ಕಿತ್ತಳೆ ಬೆಳಕು, ಕಿಟಕಿಯಾಚೆ ಹಿಮ. ಮಲೆನಾಡಿನ ಅಜ್ಜಿಮನೆಯ ಬೆಚ್ಚಗು ಅದಲ್ಲ. ಫೋಟೋಗ್ರಾಫರ್‌ಗಳು, ವಾಸ್ತುಶಿಲ್ಪಿಗಳು, ಕಲಾ ಪತ್ರಿಕೆಗಳು ಚಿತ್ರದ ಕೆಳಗೆ ಬರೆಯುವ ಮಾತುಗಳು ಇದಕ್ಕಿಂತ ಎಷ್ಟೋ ಖಚಿತ. ಅವರು ಬೆಳಕು ಎಲ್ಲಿಂದ ಬಂತು, ಗೋಡೆಗೆ ಬಳಿದದ್ದು ಏನು ಎಂದು ಬರೆಯುತ್ತಾರೆ. ಭಾವ ಬೇಕಾದರೆ ಆ ಭಾವ ಹುಟ್ಟಿಸುವ ವಸ್ತುವನ್ನು ಹೇಳಬೇಕು.

ಬಣ್ಣದಿಂದ ಶುರು ಮಾಡುತ್ತೇನೆ, ಅದು ಸುಲಭದ್ದು. ಬಣ್ಣದ ಗುಂಪಿನ ಚಿತ್ರಗಳನ್ನು ಫೋಟೋಶಾಪ್‌ನಲ್ಲಿ ಮೊಸಾಯಿಕ್ ಫಿಲ್ಟರ್ ಹಾಕಿ ದೊಡ್ಡ ದೊಡ್ಡ ಚೌಕಗಳಾಗಿ ಒಡೆದರೆ ವಿವರಗಳೆಲ್ಲ ಅಳಿಸಿಹೋಗಿ ಬಣ್ಣದ ಪ್ರಮಾಣ ಮಾತ್ರ ಉಳಿಯುತ್ತದೆ. ನಮ್ಮ ಬೋರ್ಡಿನಲ್ಲಿ ಹೀಗೆ ಕಂಡದ್ದು ಇಷ್ಟು: ಅರ್ಧಕ್ಕಿಂತ ಹೆಚ್ಚು ಕಂದು-ಕಪ್ಪು, ಅದು ಹಳೇ ಮರದ ಬಾಗಿಲು, ಕಂಬಗಳದ್ದು. ಕಾಲು ಭಾಗದಷ್ಟು ಕಾವಿ ಕೆಂಪು. ಉಳಿದದ್ದರಲ್ಲಿ ಹಿತ್ತಾಳೆಯ ಹಳದಿ ಮತ್ತು ಎಲ್ಲೋ ಚೂರು ಮಾಸಲು ಹಸಿರು. ತೊಟ್ಟಿಮನೆ ಎಂದರೆ ಸುಣ್ಣದ ಬಿಳಿ ಗೋಡೆಯೇ ತುಂಬಿರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಚೌಕಗಳಲ್ಲಿ ಬಿಳಿ ಕಂಡದ್ದು ಬೆರಳೆಣಿಕೆಯಷ್ಟು.

ಈ ಬಣ್ಣಗಳನ್ನು ಸಂಖ್ಯೆಯಲ್ಲಿ, ಅಂದರೆ `#7A2E22` ಎಂಬಂಥ ಹೆಕ್ಸ್ ಕೋಡ್‌ನಲ್ಲಿ ಬರೆಯಬಹುದಲ್ಲ ಎಂದು ಡಿಸೈನರ್‌ಗಳಿಗೆ ಅನ್ನಿಸುತ್ತದೆ. ಈಚಿನ ಕೆಲವು ಮಾದರಿಗಳು ಅದನ್ನು ಒಂದು ಮಟ್ಟಿಗೆ ಪಾಲಿಸುತ್ತವೆ. ಹಳೆಯವಕ್ಕೆ ಅದು ಬರೀ ಅಕ್ಷರಗಳ ಗೊಂಚಲು. ಹೆಚ್ಚು ನಂಬಬಹುದಾದ ದಾರಿ ಎಂದರೆ ಬಣ್ಣವನ್ನು ಒಂದು ವಸ್ತುವಿಗೆ ಕಟ್ಟಿ ಹೇಳುವುದು. ಬರೀ `red` ಎಂದರೆ ಅಗ್ನಿಶಾಮಕ ವಾಹನದ ಕೆಂಪು ಬರುತ್ತದೆ. `polished oxide-red cement floor` ಎಂದರೆ ಕಾವಿ ನೆಲದ ಕೆಂಪೂ ಬರುತ್ತದೆ, ವರ್ಷಗಟ್ಟಲೆ ಒರೆಸಿ ಬಂದ ಅದರ ಹೊಳಪೂ ಬರುತ್ತದೆ. ಇನ್ನೊಂದು ಲಾಭವೂ ಇದೆ. ಯಾವ ವಸ್ತುವಿಗೂ ಕಟ್ಟದೆ "ಕೆಂಪು, ಹಳದಿ, ಹಸಿರು" ಎಂದು ಪಟ್ಟಿ ಕೊಟ್ಟರೆ ಬಣ್ಣ ಒಂದರಿಂದ ಇನ್ನೊಂದಕ್ಕೆ ಸೋರುತ್ತದೆ. ಲೋಟ ಹಸಿರಾಗುತ್ತದೆ, ಬಾಗಿಲು ಹಳದಿಯಾಗುತ್ತದೆ. ಈ ಸೋರಿಕೆ ಈ ಸಾಧನಗಳ ಹಳೇ ಕಾಯಿಲೆ. ವಸ್ತುವಿಗೆ ಕಟ್ಟಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಬೆಳಕು ಇಷ್ಟು ಸುಲಭವಲ್ಲ. ಬೋರ್ಡ್‌ಗಳು ಕೆಡುವುದೂ ಹೆಚ್ಚಾಗಿ ಇಲ್ಲಿಯೇ. ಬಣ್ಣ ಎರಡು ಮೂರು ಚಿತ್ರಗಳಿಂದ ಬಂದರೂ ಹೊಂದಿಕೊಂಡು ಹೋಗುತ್ತದೆ. ಬೆಳಕು ಹಾಗೆ ಹೊಂದಿಕೊಳ್ಳುವುದಿಲ್ಲ.

ನಮ್ಮಲ್ಲಿ ಬೆಳಕಿಗಾಗಿ ಬಂದವು ಎರಡು, ತೊಟ್ಟಿಮನೆ ಮತ್ತು 'ಕಾಗಜ್ ಕೆ ಫೂಲ್'. ಒಂದು ಚಿತ್ರದ ಬೆಳಕನ್ನು ಓದಲು ನಾನು ಮುಖವನ್ನೋ ಆಕಾಶವನ್ನೋ ನೋಡುವುದಿಲ್ಲ, ನೆರಳಿನ ಅಂಚನ್ನು ನೋಡುತ್ತೇನೆ. ಅಂಚು ಚಾಕುವಿನಲ್ಲಿ ಕತ್ತರಿಸಿದ ಹಾಗಿದ್ದರೆ ಬೆಳಕಿನ ಮೂಲ ಚಿಕ್ಕದು ಅಥವಾ ಬಲು ದೂರದ್ದು: ನೇರ ಬಿಸಿಲು, ಬರಿ ಬಲ್ಬು. ಅಂಚು ಕರಗಿಹೋಗಿದ್ದರೆ ಮೂಲ ದೊಡ್ಡದು: ಮೋಡ ಕವಿದ ಆಕಾಶ, ಅಗಲವಾದ ಕಿಟಕಿ. ಆಮೇಲೆ ಹೊಳೆಯುವ ವಸ್ತು ಹುಡುಕುತ್ತೇನೆ. ಬೋರ್ಡಿನ ಹಿತ್ತಾಳೆ ಲೋಟವನ್ನು ದೊಡ್ಡದು ಮಾಡಿ ನೋಡಿದಾಗ ಅದರ ಎಡ ಮೈಮೇಲೆ ಉದ್ದನೆಯ ಬಿಳಿ ಪಟ್ಟಿಯೊಂದಿತ್ತು, ಪಟ್ಟಿಯ ನಡುವೆ ಎರಡು ಕಪ್ಪು ಅಡ್ಡಗೆರೆ. ಅಂದರೆ ಎಡಗಡೆ ಸರಳು ಹಾಕಿದ ಎತ್ತರದ ಕಿಟಕಿ. ಬಲ ಮೈಯಲ್ಲಿ ಏನೂ ಇಲ್ಲ, ಬರೀ ಕತ್ತಲು. ಆ ಕಡೆಯಿಂದ ಬೆಳಕನ್ನು ಹಿಂದಿರುಗಿಸುವ ಬಿಳಿ ಗೋಡೆ ಇರಲಿಲ್ಲವೆಂದು ಅರ್ಥ. ಲೋಟ ತಾನು ಕೂತ ಕೋಣೆಯ ನಕ್ಷೆಯನ್ನೇ ಮೈಮೇಲೆ ಹೊತ್ತಿರುತ್ತದೆ.

ತೊಟ್ಟಿಮನೆಯ ಬೆಳಕು ನಡುವಿನ ತೆರೆದ ತೊಟ್ಟಿಯಿಂದ, ಮೇಲಿಂದ ಇಳಿಯುವಂಥದ್ದು. ಮಳೆಗಾಲದ ಮೋಡ ಇರುವುದರಿಂದ ಬೂದು ಛಾಯೆ, ನೆರಳಿನ ಅಂಚು ಎಲ್ಲೂ ಗೀರಿದಂತಿಲ್ಲ. 'ಕಾಗಜ್ ಕೆ ಫೂಲ್' ಇದಕ್ಕೆ ತೀರಾ ವಿರುದ್ಧ. 1959ರ ಆ ಸಿನಿಮಾದ ಛಾಯಾಗ್ರಾಹಕ ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ಕತ್ತಲ ಸ್ಟುಡಿಯೋದೊಳಗೆ ಮೇಲಿಂದ ಇಳಿಯುವ ಆ ಬೆಳಕಿನ ಕೋಲನ್ನು ಅವರು ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ತಂದರು. ಚಿತ್ರೋದ್ಯಮದಲ್ಲಿ ಈಗಲೂ ಅದರ ಮಾತಾಡುತ್ತಾರೆ. ಅದು ಗಟ್ಟಿ ಬೆಳಕು, ಚೂಪು ಅಂಚು.

ಎರಡನ್ನೂ ಒಂದೇ ಪ್ರಾಂಪ್ಟಿನಲ್ಲಿ ಬರೆದರೆ ಸಾಧನ ಒಂದನ್ನು ನುಂಗಿಬಿಡುತ್ತದೆ, ಇಲ್ಲವೇ ಮೋಡದ ದಿನದಲ್ಲಿ ಬಿಸಿಲು ಕೋಲು ಬೀಳುವ, ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುವ ಚಿತ್ರ ಕೊಡುತ್ತದೆ. ಮತ್ತೆ ಕ್ಲೈಂಟನ್ನೇ ಕೇಳಬೇಕಾಯಿತು. "ಆ ಬೆಳಕಲ್ಲಿ ಹೊಗೆ ಕಾಣತ್ತಲ್ಲ ಸರ್, ಹಂಗೆ ಕಾಫಿ ಹಬೆ ಕಾಣಬೇಕು" ಎಂದರು. ಆಗ ಗಂಟು ಬಿಚ್ಚಿತು. ಅವರಿಗೆ ಬೆಳಕಿನ ಕೋಲು ಬೇಕಿರಲಿಲ್ಲ, ಕೋಲು ಕಾಣಲು ಕಾರಣವಾದದ್ದು ಬೇಕಿತ್ತು. ಬೆಳಕು ತಾನಾಗಿ ಗಾಳಿಯಲ್ಲಿ ಕಾಣುವುದಿಲ್ಲ. ಗಾಳಿಯಲ್ಲಿರುವ ಧೂಳಿಗೋ ಹೊಗೆಗೋ ತಾಗಿ ಚೆದುರಿದಾಗ ಮಾತ್ರ ಕಾಣುತ್ತದೆ, ಅದೂ ಹಿಂದೆ ಕತ್ತಲಿದ್ದರೆ. ಹಬೆಗೂ ಇದೇ ನಿಯಮ. ಬಿಳಿ ಗೋಡೆಯ ಮುಂದೆ ಹಬೆ ಇದ್ದೂ ಇಲ್ಲದಂತೆ. ಕಪ್ಪು ಬಾಗಿಲಿನ ಮುಂದೆ, ಬೆಳಕು ಹಿಂದಿನಿಂದಲೋ ಓರೆಯಿಂದಲೋ ಬಂದರೆ, ಅದೇ ಹಬೆ ಎದ್ದು ಕಾಣುತ್ತದೆ.

ಹಾಗಾಗಿ ಬೆಳಕಿನ ಸಾಲು ಹೀಗಾಯಿತು: ಮಳೆಗಾಲದ ಮೆದು ಬೆಳಕು, ತೊಟ್ಟಿಯಿಂದ, ಲೋಟದ ಎಡ ಹಿಂಬದಿಯಿಂದ, ಕೋಣೆಯಲ್ಲಿ ಬೇರೆ ದೀಪವಿಲ್ಲ, ಹಿಂದೆ ದೂರದಲ್ಲಿ ಕಪ್ಪು ಮರದ ಬಾಗಿಲು. ಸುಣ್ಣದ ಗೋಡೆಯನ್ನು ಕೈಬಿಟ್ಟೆವು. ಬಣ್ಣದ ಲೆಕ್ಕದಲ್ಲೂ ಬಿಳಿಗೆ ಹೆಚ್ಚು ಜಾಗ ಇರಲಿಲ್ಲವಾದ್ದರಿಂದ ನಷ್ಟವೇನೂ ಆಗಲಿಲ್ಲ.

ಇಲ್ಲಿ `golden hour` ಎಂಬ ಮಾತಿನ ಬಗ್ಗೆ ಒಂದು ತಕರಾರು ಹೇಳಿಬಿಡುತ್ತೇನೆ. ಪ್ರಾಂಪ್ಟ್ ಬರೆಯುವವರಿಗೆ ಅದು ಉಪ್ಪಿನ ಹಾಗಾಗಿದೆ, ಎಲ್ಲದಕ್ಕೂ ಒಂದು ಚಿಟಿಕೆ. ಅದು ಬರೀ ಹೊತ್ತನ್ನು ಹೇಳುವ ಮಾತಲ್ಲ. ಅದರ ಜೊತೆ ಬರುವ ಕಿತ್ತಳೆ ಬೆಳಕು ಪ್ರತಿಯೊಂದು ವಸ್ತುವಿನ ಮೇಲೂ ಬಿದ್ದು, ಕಷ್ಟಪಟ್ಟು ಹೊಂದಿಸಿದ ಪ್ಯಾಲೆಟ್ಟನ್ನು ಕೆಡಿಸುತ್ತದೆ. ಕಾವಿ ಕೆಂಪು ಇಟ್ಟಿಗೆಯಾಗುತ್ತದೆ, ಹಸಿರು ಒಣಗಿದಂತಾಗುತ್ತದೆ, ಹಿತ್ತಾಳೆಗೂ ಮರಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಬಣ್ಣ ಮುಖ್ಯವಾದ ಕೆಲಸದಲ್ಲಿ ಬೂದು ಅಥವಾ ಬಿಳಿ ಬೆಳಕು ಕೇಳುವುದೇ ವಾಸಿ. ಬಣ್ಣ ವಸ್ತುವಿನಲ್ಲಿರಲಿ.

ಇನ್ನು ಲೋಟ. ಬಣ್ಣ, ಬೆಳಕು ಎಲ್ಲ ಸರಿಯಾದರೂ ಲೋಟ-ದವರ ಬರುವುದೇ ಇಲ್ಲ. ಪಿಂಗಾಣಿ ಕಪ್ಪು-ಬಸಿ ಬರುತ್ತದೆ, ಇಲ್ಲವೇ ಚಹಾದ ಗಾಜಿನ ಲೋಟ. ಕಾಫಿ ಎಂಬ ಪದದ ಜೊತೆ ಸಾಧನ ಹೆಚ್ಚಾಗಿ ನೋಡಿರುವುದು ಅವನ್ನೇ. ಹೆಸರು ಹೇಳಿ ಪ್ರಯೋಜನವಾಗದಿದ್ದಾಗ ಆಕಾರ ಹೇಳಬೇಕು: ಬಾಯಿ ಹೊರಕ್ಕೆ ಮಡಿಸಿದ ಸಣ್ಣ ಉರುಳೆಯಾಕಾರದ ಹಿತ್ತಾಳೆ ಲೋಟ, ಅಗಲವಾದ ತಗ್ಗು ಬಟ್ಟಲಿನೊಳಗೆ ನಿಂತಿದೆ. ಕಂಡೇ ಇರದವರಿಗೆ ಫೋನಿನಲ್ಲಿ ವಿವರಿಸಿದರೆ ಹೇಗೆ ಹೇಳುತ್ತೇವೋ ಹಾಗೆ. "ಕಪ್ ಬೇಡ" ಎಂದು ವಾಕ್ಯದೊಳಗೆ ಬರೆಯಬಾರದು. ಅನೇಕ ಮಾದರಿಗಳಿಗೆ 'ಬೇಡ' ಕಿವಿಗೆ ಬೀಳುವುದಿಲ್ಲ, 'ಕಪ್' ಮಾತ್ರ ಬೀಳುತ್ತದೆ. ಬೇಡದ್ದನ್ನು ಹೇಳಲು ಮಿಡ್‌ಜರ್ನಿಯಲ್ಲಿ `--no` ಎಂಬ ಪ್ರತ್ಯೇಕ ಗುರುತು ಇದೆ, ಸ್ಟೇಬಲ್ ಡಿಫ್ಯೂಷನ್‌ನಲ್ಲಿ ನೆಗೆಟಿವ್ ಪ್ರಾಂಪ್ಟ್ ಎಂಬ ಬೇರೆಯೇ ಖಾನೆ ಇದೆ.

ಜೋಡಣೆಯ ವಿಷಯದಲ್ಲಿ ಮಾತಿನ ಶಕ್ತಿ ತೀರಾ ಕಡಿಮೆ ಎಂದು ಒಪ್ಪಿಕೊಂಡೇ ಮುಂದುವರಿಯಬೇಕು. ಮುಖ್ಯ ವಸ್ತುವನ್ನು ನಡುಮಧ್ಯ ಕೂರಿಸಿ, ಫ್ರೇಮು ತುಂಬಿಸುವುದು ಈ ಸಾಧನಗಳ ಹುಟ್ಟುಗುಣ. ಎಡ-ಬಲ ಆಗಾಗ ಅದಲುಬದಲಾಗುತ್ತದೆ. ಆದರೂ ಮೂರು ಸಂಗತಿ ಹೇಳಲೇಬೇಕು: ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ, ವಸ್ತು ಫ್ರೇಮಿನಲ್ಲಿ ಎಷ್ಟು ದೊಡ್ಡದು, ಖಾಲಿ ಜಾಗ ಎಲ್ಲಿ. ಖಾಲಿ ಜಾಗ ಕೇಳುವಾಗ `empty space` ಎಂದಷ್ಟೇ ಬರೆದರೆ ಸಾಧನಕ್ಕೆ ಅಲ್ಲಿ ಏನನ್ನು ಬಿಡಿಸಬೇಕೆಂದು ತಿಳಿಯದೆ ಕಿಟಕಿಯನ್ನೋ ನೇತಾಡುವ ದೀಪವನ್ನೋ ತಂದಿಡುತ್ತದೆ. ಆ ಜಾಗದಲ್ಲಿ ಏನಿದೆ ಎಂದು ಹೇಳಬೇಕು: ಮೇಲರ್ಧ ಪೂರ್ತಿ ಬಾಗಿಲಿನ ಕಪ್ಪು ಹಲಗೆ, ಮಸುಕು. ಕಂಪನಿಯ ಹೆಸರು ಅದರ ಮೇಲೆ ಕೂರುತ್ತದೆ.

ಎಲ್ಲ ಸೇರಿ ಪ್ರಾಂಪ್ಟ್ ಹೀಗಿತ್ತು:

```
Photograph, camera level with the rim: a small brass tumbler
with flared lip in a wide shallow brass bowl, frothy milk coffee,
thin steam. Tumbler small, lower right. Upper half: plain dark
wooden door, out of focus. Soft grey monsoon daylight from an open
courtyard, from behind left, room unlit. Polished oxide-red cement
floor, a bit of dull green leaf at the edge.
--ar 2:3 --no cup, saucer, lamp
```

ಕ್ಯಾಮೆರಾ ಮತ್ತು ವಸ್ತು ಮೊದಲಿಗೆ ಬಂದಿರುವುದು ಬೇಕೆಂದೇ. ಕ್ಲಿಪ್ ಒಂದು ಸಲಕ್ಕೆ 77 ತುಣುಕು ಪದಗಳನ್ನಷ್ಟೇ ಓದುತ್ತದೆ, ಅದರಲ್ಲೂ ಆರಂಭ ಮತ್ತು ಅಂತ್ಯದ ಗುರುತಿಗೆ ಎರಡು ಹೋಗುತ್ತವೆ. ಹಳೆಯ ಮಾದರಿಯಲ್ಲಿ ಪ್ರಾಂಪ್ಟ್ ಉದ್ದವಾದಂತೆ ಬಾಲ ಕತ್ತರಿಸಿಹೋಗುವ ಅಪಾಯವಿದೆ. ಕೊನೆಯಲ್ಲಿ ಬರೆದದ್ದು ಎಷ್ಟು ಸಲ ತಿದ್ದಿದರೂ ಚಿತ್ರದಲ್ಲಿ ಕಾಣುತ್ತಲೇ ಇಲ್ಲವೆಂದರೆ ಕಾರಣ ಇದೇ ಇರಬಹುದು. ಹೊಸ ಮಾದರಿಗಳು ಇದಕ್ಕಿಂತ ಉದ್ದದ್ದನ್ನೂ ಓದುತ್ತವೆ. ಆದರೂ ಹೋದರೆ ಹೋಗಲಿ ಎನ್ನುವಂಥದ್ದನ್ನು, ಇಲ್ಲಿ ಆ ಎಲೆಯನ್ನು, ಕೊನೆಗಿಡುವುದು ಒಳ್ಳೆಯದು.

ಬಂದ ಚಿತ್ರವನ್ನು ಕಣ್ಣಂದಾಜಿನಲ್ಲಿ ಮೆಚ್ಚಿಬಿಡಬಾರದು. ನಾನು ಮೂರು ಸಲ ಬೇರೆ ಬೇರೆಯಾಗಿ ನೋಡುತ್ತೇನೆ. ಬಣ್ಣ ತೆಗೆದು ಕಪ್ಪು-ಬಿಳುಪಾಗಿಸಿ ತೊಟ್ಟಿಮನೆಯ ಚಿತ್ರದ ಪಕ್ಕ ಇಟ್ಟರೆ ಬೆಳಕು ಸರಿಯಿದೆಯೇ ಎಂದು ತಿಳಿಯುತ್ತದೆ. ಮೊಸಾಯಿಕ್ ಹಾಕಿದರೆ ಬಣ್ಣದ ಪ್ರಮಾಣ ತಿಳಿಯುತ್ತದೆ. ಅಂಚೆಚೀಟಿಯಷ್ಟು ಚಿಕ್ಕದು ಮಾಡಿದರೆ ಜೋಡಣೆ ತಿಳಿಯುತ್ತದೆ. ಅಂಗಡಿಯ ಕಪಾಟಿನಲ್ಲಿ ದೂರದಿಂದ ಪ್ಯಾಕೆಟ್ ಕಾಣುವುದೂ ಅಷ್ಟೇ ಗಾತ್ರದಲ್ಲಿ. ಇಲ್ಲಿ ಬೆಳಕು, ಜೋಡಣೆ ಎರಡೂ ಪಾಸಾದವು, ಬಣ್ಣ ಆಗಲಿಲ್ಲ. ಹಿತ್ತಾಳೆ ತಾಮ್ರದಂತೆ ಕಾಣುತ್ತಿತ್ತು. ಕೆಳಗಿನ ಕೆಂಪು ನೆಲ ದವರದ ಮೈಯಲ್ಲಿ ಪ್ರತಿಫಲಿಸಿದ್ದೇ ಕಾರಣ. ನಿಜವಾದ ಹಿತ್ತಾಳೆಯನ್ನು ಕಾವಿ ನೆಲದ ಮೇಲಿಟ್ಟರೂ ಹೀಗೇ ಆಗುತ್ತದೆ, ಹಾಗಾಗಿ ಸಾಧನವನ್ನು ದೂರುವಂತಿಲ್ಲ. `brass` ಇದ್ದಲ್ಲೆಲ್ಲ `pale yellow brass` ಎಂದು ಬದಲಿಸಿದೆ, ಬೇರೇನನ್ನೂ ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದೇ ಮಾತು ಬದಲಿಸಬೇಕು, ಜೊತೆಗೆ `--seed` ಸಂಖ್ಯೆಯನ್ನೂ ಹಿಂದಿನದೇ ಇಡಬೇಕು. ಸೀಡ್ ಎಂದರೆ ಚಿತ್ರ ಯಾವ ಗೊಂದಲದ ಚುಕ್ಕೆಗಳಿಂದ ಶುರುವಾಗುತ್ತದೆ ಎಂಬುದರ ಗುರುತು. ಅದು ಬದಲಾದರೆ ವ್ಯತ್ಯಾಸ ಬಂದದ್ದು ನಮ್ಮ ಮಾತಿನಿಂದಲೋ ಅದೃಷ್ಟದಿಂದಲೋ ಹೇಳಲಾಗುವುದಿಲ್ಲ.

ಬೋರ್ಡಿನಲ್ಲಿದ್ದ ಜಲವರ್ಣದ ಬಗ್ಗೆ ಒಂದು ಮಾತು ಉಳಿದಿದೆ. ಕಲಾವಿದರ ಹೆಸರನ್ನೇ ಪ್ರಾಂಪ್ಟಿಗೆ ಸೇರಿಸಿದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. 2022ರಲ್ಲಿ ಪೋಲೆಂಡಿನ ಚಿತ್ರಕಾರ ಗ್ರೆಗ್ ರುಟ್ಕೋವ್ಸ್ಕಿಯ ಹೆಸರನ್ನು ಜನ ಹೀಗೆ ಎಗ್ಗಿಲ್ಲದೆ ಬಳಸಿ, ಆತ ಬಹಿರಂಗವಾಗಿ ಆಕ್ಷೇಪ ಎತ್ತಿದ್ದ. ಬದುಕಿರುವವರ ಹೆಸರನ್ನು ನಾನು ಹಾಕುವುದಿಲ್ಲ. ನ್ಯಾಯದ ಪ್ರಶ್ನೆ ಒಂದು ಕಡೆ ಇರಲಿ, ಕಸುಬಿನ ದೃಷ್ಟಿಯಿಂದಲೂ ಅದು ಸೋಮಾರಿತನ. ಕ್ಲೈಂಟಿಗೆ ಬೇಕಿದ್ದದ್ದು ಮಳೆ. ಮಳೆಗೆ ಬೂದು ಬೆಳಕು ಸಾಕಿತ್ತು.

ಪ್ಯಾಕೆಟ್ಟಿನ ಮೇಲೆ ಬಂದ ಕಾಫಿ ಮಾತ್ರ ಎಐ ಬಿಡಿಸಿದ್ದಲ್ಲ. ಮಾರುವ ಪದಾರ್ಥವನ್ನು ಇದ್ದ ಹಾಗೆ ತೋರಿಸಬೇಕು ಎಂಬುದು ನನ್ನ ಹಟ. ಈ ಚಿತ್ರವನ್ನು ಪ್ರಿಂಟ್ ಹಾಕಿ ಫೋಟೋಗ್ರಾಫರ್‌ಗೆ ಕೊಟ್ಟೆವು. ಅವರ ಅಜ್ಜಿಮನೆಯ ತೊಟ್ಟಿಯಲ್ಲಿ, ಅವರದೇ ಪುಡಿಯ ಡಿಕಾಕ್ಷನ್ ಇಳಿಸಿ, ಎಡ ಹಿಂಬದಿಯ ಬೆಳಕಿಗೆ ಲೋಟ ಇಟ್ಟು ತೆಗೆದರು. ಹಬೆ ಮೊದಲ ಒಂದೆರಡು ನಿಮಿಷ ಮಾತ್ರ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಕಾಫಿಯನ್ನು ಮತ್ತೆ ಮತ್ತೆ ಬೆರೆಸಬೇಕಾಯಿತು. ಇನ್ನೊಂದು ಬಗೆಯ ಪುಡಿಗೆ ಎರಡನೇ ಪ್ಯಾಕೆಟ್ ಈಗ ತಯಾರಾಗುತ್ತಿದೆ. ಅದಕ್ಕೆ ಬೆಳಕಿನ ಸಾಲು, ಜೋಡಣೆಯ ಸಾಲು ಹಾಗೆಯೇ ಇವೆ. ನೆಲದ ಸಾಲಿನಲ್ಲಿ ಕೆಂಪು ಕಾವಿಯ ಬದಲು ಕಪ್ಪು ಕಾವಿ ಬಂದಿದೆ.